ಅರ್ಜೆಂಟ್ ಮೆಸೇಜು ಚಿಕ್ಕದಾಗೂ ಇರ್ಬೇಕು, ಒರಟಾಗೂ ಇರ್ಬಾರ್ದು ಅಂದ್ರೆ?

ಪ್ರಶ್ನೆ: ಆಫೀಸ್ ಚಾಟಲ್ಲಿ ಸೀನಿಯರ್‌ಗೆ ಅರ್ಜೆಂಟ್ ಕೆಲಸ ಹೇಳ್ಬೇಕಾದ್ರೆ ಚಿಕ್ಕದಾಗಿ ಬರೆದ್ರೆ ಆರ್ಡರ್ ಹಾಕ್ದಂಗೆ ಕಾಣತ್ತೆ, ಮರ್ಯಾದೆಯಾಗಿ ಬರೆದ್ರೆ ಉದ್ದ ಆಗಿ ಯಾರೂ ಓದಲ್ಲ. ಹೇಗೆ ಬರೀಲಿ?

ಮೊದ್ಲು ಪೀಠಿಕೆ ತೆಗೀರಿ. ನಾನಿರೋದು ಮೈಸೂರಲ್ಲಿ, ಹೂಟಗಳ್ಳಿ ಕಡೆ ಒಂದು ಆಫೀಸಲ್ಲಿ ಸಪೋರ್ಟ್ ಟೀಮು, ಬೆಳಗಾದ್ರೆ ಇದೇ ಕೆಲಸ. ಹೊಸಬ್ರು 'ಹಾಯ್ ಸರ್' ಅಂತ ಕಳಿಸಿ ಉತ್ತರಕ್ಕೆ ಕಾಯ್ತಾ ಕೂತಿರ್ತಾರೆ, ಆ ಕಡೆ ಅವ್ರು ಊಟಕ್ಕೆ ಹೋಗಿರ್ತಾರೆ, ಫೋನಲ್ಲಿ ಕಾಣೋದು 'ಹಾಯ್ ಸರ್' ಅಷ್ಟೇ, ಆಮೇಲೆ ನೋಡಣ ಅಂತ ಜೇಬಿಗೆ ಹಾಕ್ಕೋತಾರೆ. ನೋಟಿಫಿಕೇಶನಲ್ಲಿ ಕಾಣೋದೇ ಮೊದಲ ಒಂದೆರಡು ಸಾಲು, ಏನು ಬೇಕು ಎಷ್ಟೊತ್ತಿಗೆ ಬೇಕು ಅನ್ನೋದು ಅಷ್ಟರಲ್ಲೇ ಬಂದ್ಬಿಡ್ಬೇಕು.

ಈಗ ಬಿಲ್ ಫೈಲ್ ಒಂದು ಸಂಜೆ 4ಕ್ಕೆ ಕ್ಲೈಂಟಿಗೆ ಹೋಗ್ಬೇಕು, ಸೀನಿಯರ್ ಅಪ್ರೂವಲ್ ಬಾಕಿ ಇದೆ ಅಂತಿಟ್ಕೊಳ್ಳಿ. ನಾನಾದ್ರೆ ಹೀಗೆ ಹಾಕ್ತೀನಿ:

"ಸರ್, ಮಾರ್ಚ್ ಬಿಲ್ ಫೈಲಿಗೆ 3:30ರೊಳಗೆ ನಿಮ್ಮ ಅಪ್ರೂವಲ್ ಬೇಕಿತ್ತು, 4ಕ್ಕೆ ಕ್ಲೈಂಟಿಗೆ ಹೋಗ್ಬೇಕು. ಟೋಟಲ್ ಚೆಕ್ ಮಾಡಿದೀನಿ, ಲಿಂಕ್ ಕೆಳಗಿದೆ. ಮೀಟಿಂಗಲ್ಲಿದ್ರೆ ಮೇಡಂ ಹತ್ರ ಮಾಡಿಸ್ಲಾ?"

ಇದ್ರಲ್ಲಿ ಪ್ಲೀಸೂ ಇಲ್ಲ ಸಾರಿನೂ ಇಲ್ಲ, ಆದ್ರೂ ಯಾರಿಗೂ ಒರಟು ಅನ್ಸಲ್ಲ. ಯಾಕಂದ್ರೆ ಅವಸರಕ್ಕೆ ಕಾರಣ ಹೇಳಿದೀರಿ, ನಿಮ್ಮ ಪಾಲಿನ ಕೆಲಸ ಮುಗಿಸಿದೀರಿ, ಆಗಲ್ಲ ಅನ್ನೋಕೂ ಅವ್ರಿಗೆ ದಾರಿ ಬಿಟ್ಟಿದೀರಿ, ಅವ್ರು 'ಹೂಂ' ಅಂದ್ರೂ ಸಾಕು ಕೆಲಸ ಮುಂದಕ್ಕೆ ಹೋಗತ್ತೆ. 4 ಅನ್ನೋ ಬದ್ಲು 3:30 ಯಾಕೆ ಅಂದ್ರೆ ಅವ್ರು ಏನಾದ್ರೂ ತಪ್ಪು ಹಿಡಿದ್ರೆ ಸರಿಮಾಡೋಕೆ ಅರ್ಧ ಗಂಟೆ ಬೇಕಲ್ವಾ. 'ಆದಷ್ಟು ಬೇಗ' ಅಂತ ಮಾತ್ರ ಬರೀಬೇಡಿ, ನಿಮಗೆ ಅದು ಹತ್ತು ನಿಮಿಷ, ಅವ್ರಿಗೆ ಮನೆಗೆ ಹೊರಡೋ ಮುಂಚೆ.

ಜೋರಾಗಿ ಗಂಟೆ ಹೊಡಿಯೋದ್ರಲ್ಲೂ ಜೋಪಾನ. ಸ್ಲ್ಯಾಕಲ್ಲಿ `@here` ಹಾಕಿದ್ರೆ ಆ ಚಾನೆಲ್ಲಲ್ಲಿ ಆಗ ಆಕ್ಟಿವ್ ಇರೋರಿಗೆ ಮಾತ್ರ ಹೋಗತ್ತೆ, `@channel` ಹಾಕಿದ್ರೆ ಇರೋ ಬರೋರಿಗೆಲ್ಲ. ಒಬ್ರ ಹತ್ರ ಆಗೋ ಕೆಲಸಕ್ಕೆ ಎರಡೂ ಬೇಡ, ಅವ್ರ ಹೆಸ್ರೇ ಟ್ಯಾಗ್ ಮಾಡಿ. ಟೀಮ್ಸಲ್ಲಿ Urgent ಅಂತ ಕಳಿಸಿದ್ರೆ ಅವ್ರು ನೋಡೋವರ್ಗೂ 2 ನಿಮಿಷಕ್ಕೊಂದ್ಸಲ, 20 ನಿಮಿಷ ಬಡ್ಕೋತಾನೇ ಇರತ್ತೆ, ಸರ್ವರ್ ಬಿದ್ದಾಗ ಸರಿ, ಅಪ್ರೂವಲ್ಲಿಗೆ ಅದನ್ನ ಒತ್ತಿದ್ರೆ ಮುಖ ಊದ್ಸಿಕೊಳ್ದೆ ಇನ್ನೇನ್ ಮಾಡ್ತಾರೆ.

3 ಗಂಟೆಯಾದ್ರೂ ಸುದ್ದಿ ಇಲ್ಲ ಅಂದ್ರೆ '??' ಕಳಿಸ್ಬೇಡಿ, ನನ್ನ ಪ್ರಕಾರ ಚಾಟಲ್ಲಿ ಅದಕ್ಕಿಂತ ಒರಟು ಇನ್ನೊಂದಿಲ್ಲ. ಫೋನ್ ಮಾಡಿ, ಎತ್ತಲಿಲ್ಲ ಅಂದ್ರೆ ಅದೇ ಮೆಸೇಜ್ ಕೆಳಗೆ 'ಫೋನ್ ಮಾಡಿದ್ದೆ ಸರ್, 3:15ಕ್ಕೆ ಮೇಡಂ ಹತ್ರ ಮಾಡಿಸ್ತೀನಿ' ಅಂತ ಹಾಕಿ. ಕೆಲಸ ಆದ್ಮೇಲೆ ಅಲ್ಲೇ 'ಫೈಲ್ ಹೋಯ್ತು ಸರ್, ಈಗೇನೂ ಮಾಡೋದು ಬೇಡ' ಅಂತ ಒಂದು ಸಾಲು ಹಾಕ್ಬಿಡಿ, ಇಲ್ದಿದ್ರೆ 5 ಗಂಟೆಗೆ ಹಳೇ ಮೆಸೇಜ್ ನೋಡ್ಕೊಂಡು ಅವ್ರು ಗಾಬರಿಯಲ್ಲಿ ಲ್ಯಾಪ್‌ಟಾಪ್ ತೆಗೀತಾರೆ.