ರಿವರ್ಸ್ ಕರ್ಲ್‌ನಲ್ಲಿ ತೂಕ ಇಳಿದರೆ ಬ್ರೇಕಿಯಾಲಿಸ್ ವೀಕ್ ಅಂತ ಅಲ್ಲ

ಪ್ರಶ್ನೆ: ಸರ್, ನಾನು ಹುಬ್ಬಳ್ಳಿಯವನು. ಅಂಗೈ ಮೇಲೆ ಮಾಡಿ 12 ಕೆಜಿ ಡಂಬೆಲ್‌ನಲ್ಲಿ ಕರ್ಲ್ ಮಾಡ್ತೀನಿ. ಹೆಬ್ಬೆರಳು ಮೇಲೆ ಮಾಡೋ ಹ್ಯಾಮರ್ ಕರ್ಲ್ 14 ಆಗುತ್ತೆ. ಆದರೆ ಅಂಗೈ ಕೆಳಗೆ ಮಾಡೋ ರಿವರ್ಸ್ ಕರ್ಲ್ 6 ದಾಟಲ್ಲ. ರಿವರ್ಸ್ ಕರ್ಲ್ ಬೈಸೆಪ್ಸ್ ಅಡಿಯಲ್ಲಿರೋ ಬ್ರೇಕಿಯಾಲಿಸ್ ಸ್ನಾಯುಗೆ ಅಂತ ಎಲ್ಲರೂ ಹೇಳ್ತಾರೆ. ಅಂದ್ರೆ ನನ್ನ ಬ್ರೇಕಿಯಾಲಿಸ್ ವೀಕ್ ಇದೆಯಾ?

ಉತ್ತರ:

ವೀಕ್ ಇರಲಿಕ್ಕಿಲ್ಲ. ಅದು ವೀಕ್ ಇದ್ದಿದ್ದರೆ ಹ್ಯಾಮರ್ ಕರ್ಲ್‌ನಲ್ಲಿ 14 ಕೆಜಿ ಏಳುತ್ತಿರಲಿಲ್ಲ. ನಿಮ್ಮನ್ನು 6ಕ್ಕೆ ನಿಲ್ಲಿಸುತ್ತಿರುವುದು ಬೇರೆ ಎರಡು ಕಾರಣ. ನಾನು ಧಾರವಾಡದಲ್ಲಿ ಫಿಸಿಯೋಥೆರಪಿಸ್ಟ್. ಜಿಮ್ ಹುಡುಗರಲ್ಲಿ ಈ ತಪ್ಪು ತಿಳಿವಳಿಕೆಯನ್ನು ಬಹಳ ನೋಡುತ್ತೇನೆ. ಅದಕ್ಕೇ ಸ್ವಲ್ಪ ಬಿಡಿಸಿ ಬರೆಯುತ್ತಿದ್ದೇನೆ.

ಮೊದಲು ಯಾವ ಸ್ನಾಯು ಎಲ್ಲಿ ಅಂಟಿಕೊಂಡಿದೆ ಅಂತ ತಿಳಿಯಬೇಕು. ಮುಂಗೈಯಲ್ಲಿ ಎರಡು ಎಲುಬು ಇವೆ. ಒಂದು ಕಿರುಬೆರಳಿನ ಕಡೆ, ಇನ್ನೊಂದು ಹೆಬ್ಬೆರಳಿನ ಕಡೆ. ನೀವು ಅಂಗೈ ತಿರುಗಿಸಿದಾಗ ತಿರುಗುವುದು ಹೆಬ್ಬೆರಳಿನ ಕಡೆಯ ಎಲುಬು. ಕಿರುಬೆರಳಿನ ಕಡೆಯದು ತನ್ನ ಜಾಗದಲ್ಲೇ ಇರುತ್ತದೆ. ಬ್ರೇಕಿಯಾಲಿಸ್ ರೆಟ್ಟೆಯ ಎಲುಬಿನ ಕೆಳಗಿನ ಅರ್ಧದಿಂದ ಹೊರಟು, ಬೈಸೆಪ್ಸ್‌ನ ಅಡಿಯಲ್ಲೇ ಹಾದು, ಈ ತಿರುಗದ ಎಲುಬಿಗೆ ಹೋಗಿ ಸೇರುತ್ತದೆ. ಹಾಗಾಗಿ ಅಂಗೈ ಮೇಲಿರಲಿ, ಕೆಳಗಿರಲಿ, ಅದರ ಎಳೆತ ಬದಲಾಗುವುದಿಲ್ಲ. ಅದಕ್ಕೆ ಗೊತ್ತಿರುವುದು ಮೊಣಕೈ ಮಡಚುವ ಕೆಲಸ ಒಂದೇ.

ಬೈಸೆಪ್ಸ್ ಹಾಗಲ್ಲ, ಮೊದಲ ಕಾರಣ ಇದೇ. ಅದು ಸೇರುವುದು ತಿರುಗುವ ಎಲುಬಿಗೆ. ಮೊಣಕೈ ಮಡಚುವುದರ ಜೊತೆ ಅಂಗೈಯನ್ನು ಮೇಲೆ ತಿರುಗಿಸುವುದೂ ಅದರದೇ ಕೆಲಸ. ನೀವು ಅಂಗೈ ಕೆಳಗೆ ಮಾಡಿದ ಕೂಡಲೇ, ಬಾವಿಯ ರಾಟೆಗೆ ಹಗ್ಗ ಸುತ್ತಿಕೊಂಡ ಹಾಗೆ, ಬೈಸೆಪ್ಸ್‌ನ ಟೆಂಡನ್ ಆ ಎಲುಬಿಗೆ ಸುತ್ತಿಕೊಳ್ಳುತ್ತದೆ. ಮೊಣಕೈ ಮಡಚಲು ಸಿಗುವ ಮೀಟು ಕಡಿಮೆಯಾಗುತ್ತದೆ. ಜೋರಾಗಿ ಎಳೆದರೆ ಅಂಗೈ ಮೇಲಕ್ಕೆ ತಿರುಗಿಬಿಡುತ್ತದೆ, ಆದ್ದರಿಂದ ಮೆದುಳೂ ಅದನ್ನು ಸ್ವಲ್ಪ ಹಿಂದೆ ಇಡುತ್ತದೆ.

ಇದನ್ನು ಈಗಲೇ ಮುಟ್ಟಿ ನೋಡಬಹುದು. ಬಲ ಮೊಣಕೈ 90 ಡಿಗ್ರಿ ಮಡಚಿ, ಕೈಯಲ್ಲಿ ಒಂದು ಲೀಟರ್ ನೀರಿನ ಬಾಟಲಿ ಹಿಡಿಯಿರಿ. ಎಡಗೈ ಬೆರಳನ್ನು ಮೊಣಕೈ ಮಡಿಕೆಯ ನಡುವೆ ಇಡಿ. ಅಂಗೈ ಮೇಲೆ ಇದ್ದಾಗ ಗಟ್ಟಿ ಹುರಿಯಂತಹದ್ದೊಂದು ಬೆರಳಿಗೆ ಸಿಗುತ್ತದೆ. ಅದೇ ಬೈಸೆಪ್ಸ್ ಟೆಂಡನ್. ಈಗ ಮೊಣಕೈ ಅಲುಗಿಸದೆ ನಿಧಾನಕ್ಕೆ ಅಂಗೈ ಕೆಳಗೆ ತಿರುಗಿಸಿ. ಹುರಿ ಮೆತ್ತಗಾಗಿ ಒಳಗೆ ಹೋಗುತ್ತದೆ. ಬಾಟಲಿಯ ತೂಕ ಅಷ್ಟೇ ಇದೆ, ಆದರೆ ಹೊರುವವರು ಬದಲಾದರು.

ಇನ್ನು ಬ್ರೇಕಿಯೋರೇಡಿಯಾಲಿಸ್. ಇದು ರೆಟ್ಟೆ ಎಲುಬಿನ ಹೊರಬದಿಯಿಂದ ಹೊರಟು ಹೆಬ್ಬೆರಳಿನ ಕಡೆ ಮಣಿಕಟ್ಟಿನ ಹತ್ತಿರದವರೆಗೂ ಇಳಿಯುತ್ತದೆ. ಹೆಬ್ಬೆರಳು ಮೇಲೆ ಇರುವ ಹ್ಯಾಮರ್ ಭಂಗಿ ಇದಕ್ಕೆ ಒಗ್ಗುವ ಜಾಗ. ಮೇಜಿನ ಅಡಿಗೆ ಮುಷ್ಟಿ ಇಟ್ಟು, ಹೆಬ್ಬೆರಳು ಮೇಲೆ ಮಾಡಿ, ಮೇಜನ್ನು ಎತ್ತುವ ಹಾಗೆ ಒತ್ತಿ ನೋಡಿ. ಮುಂಗೈ ಮೇಲ್ಭಾಗದಲ್ಲಿ ಉಬ್ಬಿ ನಿಲ್ಲುವ ದಪ್ಪ ಪಟ್ಟಿಯೇ ಅದು. ಹ್ಯಾಮರ್‌ನಲ್ಲಿ ಬೈಸೆಪ್ಸ್‌ನ ಮೀಟೂ ಪೂರ್ತಿ ಹೋಗಿರುವುದಿಲ್ಲ. ಹೀಗೆ ಮೂರೂ ಸೇರಿ ಎಳೆಯುವುದರಿಂದಲೇ ಬಹಳ ಜನರಿಗೆ ಹ್ಯಾಮರ್‌ನಲ್ಲಿ ಜಾಸ್ತಿ ತೂಕ ಏಳುತ್ತದೆ. ನಿಮಗೂ ಹಾಗೇ ಆಗಿದೆ ಅಲ್ವಾ?

ಈಗ ನಿಮ್ಮ ಲೆಕ್ಕಕ್ಕೆ ಬರೋಣ. ಮೊಣಕೈಯಿಂದ ಅಂಗೈವರೆಗೆ 33 ಸೆಂ.ಮೀ. ಅಂತ ಇಟ್ಟುಕೊಳ್ಳಿ. ಮುಂಗೈ ನೆಲಕ್ಕೆ ಸಮಾನಾಂತರವಾಗಿರುವಾಗ 12 ಕೆಜಿ ಡಂಬೆಲ್ ಮೊಣಕೈ ಮೇಲೆ ಹೇರುವ ತಿರುಚು ಬಲ ಸುಮಾರು 39 ನ್ಯೂಟನ್-ಮೀಟರ್. 6 ಕೆಜಿಯದು ಸುಮಾರು 19. ಮೊದಲನೆಯದರಲ್ಲಿ ಬ್ರೇಕಿಯಾಲಿಸ್ ಪಾಲು ನೂರಕ್ಕೆ 40, ರಿವರ್ಸ್‌ನಲ್ಲಿ 60 ಅಂತ ಸುಮ್ನೆ ಹಿಡಿಯಿರಿ. ಇವು ಅಳೆದ ಅಂಕಿ ಅಲ್ಲ, ಲೆಕ್ಕ ತೋರಿಸಲು ಇಟ್ಟವು. ಮಾಮೂಲಿ ಕರ್ಲ್‌ನಲ್ಲಿ ಅದು ಹೊತ್ತದ್ದು ಸುಮಾರು 16 ನ್ಯೂಟನ್-ಮೀಟರ್. ರಿವರ್ಸ್‌ನಲ್ಲಿ 11ರ ಆಸುಪಾಸು. ಪಾಲು ಹೆಚ್ಚಾಯಿತು, ಹೊರೆ ಕಡಿಮೆಯಾಯಿತು! "ರಿವರ್ಸ್ ಕರ್ಲ್ ಬ್ರೇಕಿಯಾಲಿಸ್‌ಗೆ" ಅನ್ನುವವರು ಪಾಲನ್ನು ಮಾತ್ರ ನೋಡುತ್ತಾರೆ. ಬೆಳೆಯಬೇಕಾದ ಸ್ನಾಯುವಿಗೆ ಎಷ್ಟು ಕಷ್ಟ ಬೀಳುತ್ತಿದೆ ಅನ್ನುವುದನ್ನೂ ನೋಡಬೇಕು.

ಎರಡನೇ ಕಾರಣ ಮಣಿಕಟ್ಟು. ಅಂಗೈ ಕೆಳಗೆ ಇದ್ದಾಗ ಡಂಬೆಲ್ ಮುಷ್ಟಿಯನ್ನು ಕೆಳಕ್ಕೆ ಬಾಗಿಸಲು ನೋಡುತ್ತದೆ. ಅದನ್ನು ತಡೆಯುವುದು ಮುಂಗೈ ಹಿಂಬದಿಯ ಸಣ್ಣ ಸ್ನಾಯುಗಳು. ಬ್ರೇಕಿಯಾಲಿಸ್ ದಣಿಯುವ ಮೊದಲೇ ಅವು ಕೈಬಿಡುತ್ತವೆ.

ನಿಮ್ಮಲ್ಲಿ ಯಾವುದು ಮೊದಲು ಸೋಲುತ್ತಿದೆ ಅಂತ ಹೀಗೆ ನೋಡಿ. ಬೆಂಚ್ ಮೇಲೆ ಮುಂಗೈ ಪೂರ್ತಿ ಊರಿ, ಮುಷ್ಟಿ ಮಾತ್ರ ಅಂಚಿನಿಂದ ಹೊರಗೆ ಬಿಡಿ. ಅಂಗೈ ಕೆಳಗೆ ಮಾಡಿ ಅದೇ 6 ಕೆಜಿ ಹಿಡಿದು, ಮಣಿಕಟ್ಟು ನೇರ ಇಟ್ಟು 20 ಸೆಕೆಂಡ್ ನಿಲ್ಲಿಸಿ. ಇಲ್ಲಿ ಮೊಣಕೈಗೆ ಕೆಲಸವೇ ಇಲ್ಲ. ಆದರೂ ಮುಷ್ಟಿ ಕುಸಿದರೆ ತೊಂದರೆ ಇರುವುದು ಮಣಿಕಟ್ಟಿನಲ್ಲಿ. ಆರಾಮಾಗಿ ನಿಂತರೆ, ಬೈಸೆಪ್ಸ್ ಹಿಂದೆ ಸರಿದ ಕೊರತೆಯೇ ಮುಖ್ಯ. ಅದು ಎಲ್ಲರಿಗೂ ಆಗುವಂಥದ್ದು, ದೋಷವಲ್ಲ.

ಬ್ಯಾಡಗಿ ಮಾರುಕಟ್ಟೆಯಲ್ಲಿ ಮೆಣಸಿನಕಾಯಿ ಚೀಲ ಎತ್ತುವ ಒಬ್ಬ ತಮ್ಮ ನನ್ನ ಹತ್ತಿರ ಬಂದಿದ್ದ. ಹ್ಯಾಮರ್‌ನಲ್ಲಿ 16 ಕೆಜಿ ಲೀಲಾಜಾಲ, ರಿವರ್ಸ್‌ನಲ್ಲಿ 7ಕ್ಕೆ ಒದ್ದಾಟ. ಅವನೂ "ಬ್ರೇಕಿಯಾಲಿಸ್ ಇಲ್ಲ" ಅಂತಲೇ ನಂಬಿದ್ದ. ದಿನಾ ಚೀಲದ ಎರಡು ಬದಿಗೆ ಕೈ ಹಾಕಿ, ಅಂಗೈ ಎದುರುಬದುರು ಮಾಡಿ ಎತ್ತುವವನಿಗೆ ಅದು ಇಲ್ಲದೆ ಹೇಗೆ? ಬೆಂಚ್ ಪರೀಕ್ಷೆಯಲ್ಲಿ ಅವನ ಮುಷ್ಟಿ ಐದಾರು ಸೆಕೆಂಡ್‌ಗೇ ಕುಸಿಯಿತು. ರಿವರ್ಸ್ ಕರ್ಲ್ ತೂಕವನ್ನು 4ಕ್ಕೆ ಇಳಿಸಿ, ಮಣಿಕಟ್ಟು ನೇರ ಇಟ್ಟು 15 ಸಲ ಮಾಡಿಸಿದೆ. ಹ್ಯಾಮರ್ ಹಾಗೇ ಭಾರವಾಗಿ ಮುಂದುವರಿಯಿತು. ಎರಡು ತಿಂಗಳ ಹೊತ್ತಿಗೆ ರಿವರ್ಸ್ 9 ಕೆಜಿಗೆ ಬಂತು. ಹ್ಯಾಮರ್ 16ರಲ್ಲೇ ಇತ್ತು. ಮೊಣಕೈ ಮಡಚುವ ಶಕ್ತಿ ಅಷ್ಟೇ ಇದ್ದು ಮಣಿಕಟ್ಟು ಗಟ್ಟಿಯಾಯಿತು ಅನ್ನುವುದು ಇದರಲ್ಲೇ ಕಾಣುತ್ತದೆ.

ನಿಮಗೆ ನನ್ನ ಸಲಹೆ: ಬ್ರೇಕಿಯಾಲಿಸ್‌ಗಾಗಿ ಹ್ಯಾಮರ್ ಕರ್ಲ್ ನಂಬಿ. ವಾರಕ್ಕೆ ಎರಡು ದಿನ, 3 ಸೆಟ್, 8ರಿಂದ 12 ಸಲ, ಇಳಿಸುವಾಗ ಮೂರು ಸೆಕೆಂಡ್. ರಿವರ್ಸ್ ಕರ್ಲ್ ಒಂದು ದಿನ ಸಾಕು. ನೇರ ಬಾರ್‌ಗಿಂತ ಡೊಂಕು ಇರುವ ಈಝಡ್ ಬಾರ್ ಹಿಡಿಯಿರಿ. ಅಂಗೈ ಪೂರ್ತಿ ಕೆಳಗೆ ತಿರುಗುವುದಿಲ್ಲ, ಮಣಿಕಟ್ಟಿಗೂ ಹಿತ. ಮುಷ್ಟಿ ಬಾಗಲು ಶುರುವಾದ ಕೂಡಲೇ ಸೆಟ್ ಮುಗಿಸಿ. ಆಮೇಲೆ ಮಾಡುವ ಸಲಗಳು ಮೊಣಕೈಯ ಹೊರಬದಿಯ ಗಂಟಿನ ಮೇಲೆ ಬೀಳುತ್ತವೆ. ಅಲ್ಲಿ ಒತ್ತಿದರೆ ನೋವು, ಚಹಾ ಕಪ್ ಎತ್ತಿದರೂ ನೋವು ಅನ್ನುವ ಹಾಗಾದರೆ ರಿವರ್ಸ್ ಕರ್ಲ್ ನಿಲ್ಲಿಸಿ ತೋರಿಸಿಕೊಳ್ಳಿ. ನೋವು ಮೊಣಕೈ ಮುಂಭಾಗದಲ್ಲಿ ಆಳಕ್ಕೆ ಇದ್ದು, ಪುಲ್‌ಅಪ್ ಮಾಡಿದಾಗ ಜಾಸ್ತಿಯಾದರೆ ಆಗ ಬ್ರೇಕಿಯಾಲಿಸ್ ಮೇಲೆ ಅನುಮಾನ ಪಡಬೇಕು. ಅಂಥಾ ವೇಳೆ ಹ್ಯಾಮರ್ ತೂಕವನ್ನೂ ಅರ್ಧಕ್ಕೆ ಇಳಿಸಿ.