ಕರೆಂಟ್ ಹೋದ ಮೇಲೆ ಗಾಡಿಯಲ್ಲಿ ಏನಾಗುತ್ತದೆ?

ಮಾನ್ಯ ಸಂಪಾದಕರೇ,

ಕಿರುಚಿತ್ರಕ್ಕೆಂದು ಒಂದು ಕಥೆ ಬರೆದಿದ್ದೇನೆ. ನಮ್ಮೂರಿನ ಬಸ್ ನಿಲ್ದಾಣದ ಎದುರು ಬಸಣ್ಣ ಮತ್ತು ಹಾಲೇಶಪ್ಪ ಅಕ್ಕಪಕ್ಕದಲ್ಲಿ ಮಂಡಕ್ಕಿ–ಮಿರ್ಚಿ ಗಾಡಿ ಇಟ್ಟುಕೊಂಡಿದ್ದಾರೆ. ಹತ್ತು ವರ್ಷದಿಂದ ಇಬ್ಬರಿಗೂ ಮಾತಿಲ್ಲ. ಒಂದು ಸಂಜೆ ಕರೆಂಟ್ ಹೋಗುತ್ತದೆ. ಮೇಣದಬತ್ತಿ ಹಚ್ಚಿಕೊಂಡು ಕುಳಿತು ಮಕ್ಕಳ ಫೀಸು, ಸಾಲ ಎಲ್ಲವನ್ನೂ ಹೇಳಿಕೊಂಡು ಅತ್ತು ಒಂದಾಗುತ್ತಾರೆ. ಹನ್ನೆರಡು ಪುಟ ಆಗಿದೆ. ಒಬ್ಬ ಗೆಳೆಯ ಫ್ಲ್ಯಾಶ್‌ಬ್ಯಾಕ್ ಸೇರಿಸು ಎನ್ನುತ್ತಾನೆ, ಇನ್ನೊಬ್ಬ ದೊಡ್ಡ ಜಗಳ ಬೇಕು ಎನ್ನುತ್ತಾನೆ. ತಮ್ಮ ಅಭಿಪ್ರಾಯ ತಿಳಿಸಿ.

— ಒಬ್ಬ ಓದುಗ, ದಾವಣಗೆರೆ

ಪ್ರಿಯ ಓದುಗರೇ,

ನಿಮ್ಮ ಗೆಳೆಯರಿಬ್ಬರೂ ಸೇರಿಸುವ ಮಾತನ್ನೇ ಆಡಿದ್ದಾರೆ. ನಾನು ತೆಗೆಯುವ ಮಾತನ್ನು ಆಡುತ್ತೇನೆ. ಮೇಣದಬತ್ತಿಯ ಮುಂದಿನ ಆ ನಾಲ್ಕು ಪುಟಗಳ ಸಂಭಾಷಣೆಯನ್ನು ತೆಗೆದುಬಿಡಿ. ಕತ್ತಲಲ್ಲಿ ಮನುಷ್ಯ ಬೆಳಕಿನಲ್ಲಿ ಆಡದ ಮಾತನ್ನು ಆಡುತ್ತಾನೆ ಎಂಬುದು ನಿಜ, ಅದನ್ನು ಒಪ್ಪುತ್ತೇನೆ. ಅಚ್ಚಾಗುವ ಕಥೆಯಾಗಿದ್ದರೆ ಬಸಣ್ಣನ ಮನಸ್ಸಿನೊಳಗೆ ಎರಡು ಪುಟ ಓಡಾಡಿ ಬರಲು ನಿಮಗೆ ಅವಕಾಶವಿರುತ್ತಿತ್ತು. ಆದರೆ ಕ್ಯಾಮೆರಾ ಮನಸ್ಸಿನೊಳಗೆ ಇಳಿಯುವುದಿಲ್ಲ, ಅದು ಕೈಯನ್ನು ನೋಡುತ್ತದೆ. ಚಿತ್ರಕ್ಕೆ ಬರೆಯುವ ಕಥೆಯಲ್ಲಿ ಸ್ನೇಹ ಹುಟ್ಟಬೇಕಾದದ್ದು ಕೈಗಳು ಮಾಡುವ ಕೆಲಸದಲ್ಲಿ. ಈ ಮಾತನ್ನು ಈ ಪತ್ರಿಕೆಯಲ್ಲಿ ಹಲವು ಸಲ ಬರೆದಿದ್ದೇನೆ, ಇನ್ನೂ ಬರೆಯುತ್ತೇನೆ.

ನಿಮ್ಮ ಕಥೆಯ ತೊಂದರೆ ಇರುವುದು ಕರೆಂಟ್ ಹೋಗುವುದರಲ್ಲೇ. ಅದು ಹೋಗುತ್ತದೆ, ಆದರೆ ಗಾಡಿಗೆ ಏನೂ ಆಗುವುದಿಲ್ಲ. ಇಬ್ಬರೂ ಕೆಲಸ ಬಿಟ್ಟು ಹಾಯಾಗಿ ಕುಳಿತುಕೊಳ್ಳುತ್ತಾರೆ. ಬಸ್ ನಿಲ್ದಾಣದ ಎದುರು ಸಂಜೆ ಏಳು ಗಂಟೆ ಎಂದರೆ ದಿನದ ದುಡಿಮೆಯೆಲ್ಲ ಇರುವ ಹೊತ್ತು. ಕಡಲೆಹಿಟ್ಟು ಕಲಸಿಟ್ಟಾಗಿದೆ, ಮೆಣಸಿನಕಾಯಿ ಸೀಳಿಟ್ಟಾಗಿದೆ, ಈರುಳ್ಳಿ ಹೆಚ್ಚಿಟ್ಟಾಗಿದೆ. ಅವು ನಾಳೆಗೆ ಉಳಿಯುವುದಿಲ್ಲ. ಒಲೆ ಉರಿಯುವುದು ಗ್ಯಾಸಿನಲ್ಲಿ, ಕರೆಂಟ್ ಹೋದರೂ ಅದು ಆರುವುದಿಲ್ಲ. ಹಾಗಾದರೆ ಕರೆಂಟ್ ಅವರಿಂದ ಕಿತ್ತುಕೊಳ್ಳುವುದು ಏನನ್ನು? ಹಿಂದಿನ ಅಂಗಡಿಯಿಂದ ವೈರ್ ಎಳೆದು, ಅಂಗಡಿಯವನಿಗೆ ಇಂತಿಷ್ಟು ಎಂದು ಕೊಟ್ಟು ತೂಗುಹಾಕಿಕೊಂಡ ಒಂದು ಬಲ್ಬನ್ನು. ಅದರ ಜೊತೆಗೆ, ಬೆಳಕನ್ನು ನೋಡಿ ಬರುವ ಗಿರಾಕಿಯನ್ನು. ಕಥೆ ಇಲ್ಲಿಂದ ಶುರುವಾಗಬೇಕು.

ಬಾಣಲೆಯ ಮುಂದೆ ನಿಂತವನಿಗೆ ಬೆಳಕು ಎಷ್ಟು ಮುಖ್ಯ ಎಂದು ಕೇಳಿ ತಿಳಿದುಕೊಳ್ಳಿ. ನಾನು ಬಲ್ಲ ಒಬ್ಬ ಮಿರ್ಚಿ ವ್ಯಾಪಾರಿ, ಎಣ್ಣೆ ಕಾದದ್ದನ್ನು ಹಿಟ್ಟಿನ ಒಂದು ಹನಿ ಬಿಟ್ಟು ನೋಡುತ್ತಿದ್ದರು. ಹನಿ ತಳದಲ್ಲೇ ಕುಳಿತರೆ ಎಣ್ಣೆ ಕಾದಿಲ್ಲ, ಕೂಡಲೇ ಗುಳ್ಳೆಯೆದ್ದು ಮೇಲೆ ಬಂದರೆ ಹದ. ಮಿರ್ಚಿ ಬೆಂದದ್ದು ಅವರಿಗೆ ಸದ್ದಿನಿಂದ ತಿಳಿಯುತ್ತಿತ್ತು, ಹಿಟ್ಟಿನ ನೀರು ಆರುತ್ತಾ ಬಂದಂತೆ ಚುರುಗುಡುವುದು ತಗ್ಗುತ್ತದೆ. ಆದರೆ ಬಣ್ಣ ಕೆಂಪಿಗೆ ತಿರುಗಿತೇ, ಕಪ್ಪಾಯಿತೇ ಎಂಬುದು ಸದ್ದಿನಿಂದ ತಿಳಿಯುವುದಿಲ್ಲ. ಗ್ಯಾಸಿನ ನೀಲಿ ಉರಿ ಬೆಳಕನ್ನೂ ಕೊಡುವುದಿಲ್ಲ. ಕಾದ ಎಣ್ಣೆಯ ಮುಂದೆ ಕತ್ತಲು ಎಂದರೆ ಅಪಾಯ. ಗಾಳಿಗೆ ಓಲಾಡುವ ನಿಮ್ಮ ಮೇಣದಬತ್ತಿ ಅಲ್ಲಿ ಪ್ರಯೋಜನಕ್ಕೆ ಬಾರದು.

ಇನ್ನು ಕರೆಂಟ್ ಹೋಗುವ ಬಗೆ. ನಿಮ್ಮ ಕಥೆಯಲ್ಲಿ ಇಡೀ ಬೀದಿ ಒಂದೇ ಕ್ಷಣಕ್ಕೆ ಕತ್ತಲಾಗುತ್ತದೆ. ಊರಿನಲ್ಲಿ ಆಗಾಗ ನಡೆಯುವುದು ಬೇರೆ, ಅದು ಕಥೆಗಾರನಿಗೆ ಹೆಚ್ಚು ಒದಗಿಬರುವಂಥದ್ದು. ಬೀದಿಯ ಟ್ರಾನ್ಸ್‌ಫಾರ್ಮರಿನಿಂದ ಮೂರು ಫೇಸ್ ಹೊರಡುತ್ತವೆ. ಸಣ್ಣ ಅಂಗಡಿಗಳಿಗೆ ಅವುಗಳಲ್ಲಿ ಒಂದರಿಂದ ಮಾತ್ರ ಸಂಪರ್ಕವಿರುತ್ತದೆ. ಒಂದು ಫೇಸಿನ ಫ್ಯೂಸ್ ಹೋದರೆ ಆ ಫೇಸಿನ ಅಂಗಡಿಗಳು ಮಾತ್ರ ಕತ್ತಲಾಗಿ, ಪಕ್ಕದಂಗಡಿ ಬೆಳಗುತ್ತಲೇ ಇರುತ್ತದೆ. ಆಮೇಲೆ ಲೈನ್‌ಮನ್ ಬರುತ್ತಾನೆ. ಫ್ಯೂಸ್ ಹಾಕಲು ಅವನು ಟ್ರಾನ್ಸ್‌ಫಾರ್ಮರಿನ ಸ್ವಿಚ್ ತೆಗೆಯಬೇಕು, ಆಗ ಉಳಿದವರ ಕರೆಂಟೂ ಹೋಗುತ್ತದೆ. ಅಂದರೆ ಒಂದೇ ಸಂಜೆ ಎರಡು ಕತ್ತಲು: ಮೊದಲನೆಯದು ಒಬ್ಬನಿಗೆ, ಎರಡನೆಯದು ಇಬ್ಬರಿಗೂ. ನಿಮ್ಮ ಕಥೆಗೆ ಬೇಕಾದ ತಿರುವು ಆ ಕಂಬದ ಮೇಲೆಯೇ ಇದೆ.

ಅದನ್ನು ಹಿಡಿದು ಮುಂದೆ ಹೋಗೋಣ. ಬಸಣ್ಣನ ಹಿಂದಿನ ಅಂಗಡಿಯ ಫೇಸ್ ಹೋಗುತ್ತದೆ. ಅವನ ಗಾಡಿಯ ಮುಂದೆ ನಿಂತಿದ್ದವರು ಒಬ್ಬೊಬ್ಬರಾಗಿ ಹಾಲೇಶಪ್ಪನ ಬೆಳಕಿಗೆ ಸರಿಯುತ್ತಾರೆ. ಹಾಲೇಶಪ್ಪ ಹಿಗ್ಗಿ ಬಾಣಲೆ ತುಂಬ ಮಿರ್ಚಿ ಬಿಡುತ್ತಾನೆ. ಬಸಣ್ಣ ಒಲೆ ಆರಿಸಿ, ಗಾಡಿಯ ಕೆಳಗಿನಿಂದ ಚಾರ್ಜಿನ ದೀಪ ಹುಡುಕಿ ತೆಗೆದು ಹಚ್ಚುತ್ತಾನೆ. ಆದರೂ ಪಕ್ಕದಲ್ಲಿ ಅಷ್ಟು ಬೆಳಕಿರುವಾಗ ಯಾರೂ ಇತ್ತ ತಿರುಗುವುದಿಲ್ಲ. ಆಗ ಲೈನ್‌ಮನ್ ಸ್ವಿಚ್ ತೆಗೆಯುತ್ತಾನೆ. ಹಾಲೇಶಪ್ಪನ ಮುಂದೆ ಕುದಿಯುವ ಎಣ್ಣೆ, ಎಣ್ಣೆಯೊಳಗೆ ಮಿರ್ಚಿ, ಸುತ್ತ ಮಕ್ಕಳು ಮರಿ. ಯಾರೋ ಮೊಬೈಲ್ ಟಾರ್ಚ್ ಹಿಡಿಯುತ್ತಾರೆ, ಬೆಳಕು ಅವನ ಕಣ್ಣಿಗೇ ಹೊಡೆಯುತ್ತದೆ. ಅವನಿಗೆ ಜಾರ ಹಿಡಿಯಲು ಒಂದು ಕೈ ಬೇಕು, ತಟ್ಟೆ ಹಿಡಿಯಲು ಇನ್ನೊಂದು. ಒಲೆ ಆರಿಸಿದರೂ ಎಣ್ಣೆ ತಕ್ಷಣ ಆರುವುದಿಲ್ಲ, ಮಿರ್ಚಿ ಕರಿಕಾಗುತ್ತಲೇ ಇರುತ್ತದೆ. ಬಸಣ್ಣ ಸುಮ್ಮನೆ ನಿಂತರೆ ಗಿರಾಕಿಗಳು ಈಗ ತಾವಾಗಿಯೇ ಅವನ ಕಡೆ ಬರುತ್ತಾರೆ. ಅವನು ನಿರ್ಧರಿಸಲು ಒಂದು ನಿಮಿಷವೂ ಇಲ್ಲ. ಅವನು ದೀಪ ಎತ್ತಿಕೊಂಡು ಹೋಗಿ ಆ ಬಾಣಲೆಯ ಮೇಲೆ ಹಿಡಿಯುತ್ತಾನೆ. ಒಂದು ಮಾತೂ ಬೇಡ.

ಮುಂದಿನದನ್ನು ದೀಪವೇ ನಡೆಸುತ್ತದೆ. ದೀಪ ಅಲ್ಲಿದ್ದರೆ ಬಸಣ್ಣನ ಗಾಡಿ ಕತ್ತಲು. ತಂದರೆ ಹಾಲೇಶಪ್ಪನದು ಕತ್ತಲು. ಎರಡಕ್ಕೂ ಬೆಳಕು ಬೀಳಬೇಕಾದರೆ ಗಾಡಿಗಳು ಹತ್ತಿರ ಬರಬೇಕು. ಹತ್ತು ವರ್ಷದಿಂದ ಇಬ್ಬರೂ ಬಿಟ್ಟುಕೊಡದ ನಡುವಿನ ನಾಲ್ಕಡಿ ಜಾಗವನ್ನು ಈಗ ಮುಚ್ಚಬೇಕು. ಹಾಲೇಶಪ್ಪನ ಎಣ್ಣೆ ಬಿಸಿಯಿದೆ, ಆ ಗಾಡಿಯನ್ನು ಅಲುಗಿಸುವಂತಿಲ್ಲ. ಆದ್ದರಿಂದ ಸರಿಯಬೇಕಾದದ್ದು ಬಸಣ್ಣನ ಗಾಡಿ. ಅದರ ಚಕ್ರಕ್ಕೆ ಕೊಟ್ಟ ಕಲ್ಲನ್ನು ಬಗ್ಗಿ ತೆಗೆಯುವವನು ಹಾಲೇಶಪ್ಪನಾಗಲಿ. ಆಮೇಲೆ ವ್ಯಾಪಾರ ತಾನಾಗಿ ಹಂಚಿಹೋಗುತ್ತದೆ. ಹಾಲೇಶಪ್ಪ ಮಿರ್ಚಿ ಕರಿಯುತ್ತಾನೆ, ಬಸಣ್ಣ ಮಂಡಕ್ಕಿ ಕಲಸುತ್ತಾನೆ. ಒಗ್ಗರಣೆ, ಈರುಳ್ಳಿ, ನಿಂಬೆರಸ ಬಿದ್ದ ಮಂಡಕ್ಕಿ ಬೇಗ ಮೆತ್ತಗಾಗುತ್ತದೆ ಎಂಬುದು ದಾವಣಗೆರೆಯವರಾದ ನಿಮಗೆ ಗೊತ್ತು. ಹಾಗಾಗಿ ಮಿರ್ಚಿ ಎಣ್ಣೆಯಿಂದ ಏಳುವ ಹೊತ್ತಿಗೆ ಸರಿಯಾಗಿ ಅವನು ಕಲಸಬೇಕು. ಹತ್ತು ವರ್ಷ ಮುಖ ನೋಡದವರು ಒಬ್ಬರ ಕೈಯನ್ನು ಒಬ್ಬರು ನೋಡುತ್ತಲೇ ಇರಬೇಕಾಗುತ್ತದೆ. ನಿಮ್ಮ ನಾಲ್ಕು ಪುಟಗಳ ಮಾತು ಮಾಡಲಾಗದ್ದನ್ನು ಇದು ಮಾಡುತ್ತದೆ.

ಫ್ಲ್ಯಾಶ್‌ಬ್ಯಾಕಿನ ಗೆಳೆಯನಿಗೂ ಉತ್ತರ ಗಾಡಿಯಲ್ಲೇ ಇದೆ. ಈಗ ಪ್ರತಿ ಗಾಡಿಯಲ್ಲೂ ಹಣ ಬಂದದ್ದನ್ನು ಕೂಗಿ ಹೇಳುವ ಸೌಂಡ್‌ಬಾಕ್ಸ್ ಇರುತ್ತದೆ. ಪಕ್ಕದವನ ಗಳಿಕೆ ದಿನವಿಡೀ ಕಿವಿಗೆ ಬೀಳುತ್ತಿರುತ್ತದೆ. ಚಿತ್ರದ ಮೊದಲ ನಿಮಿಷದಲ್ಲಿ ಹಾಲೇಶಪ್ಪನ ಡಬ್ಬಿ ಮೂರು ಸಲ ಕೂಗಲಿ, ಬಸಣ್ಣನ ಚಾಕು ಈರುಳ್ಳಿಯ ಮೇಲೆ ಮೂರು ಸಲ ನಿಲ್ಲಲಿ. ಹತ್ತು ವರ್ಷದ ಹಗೆ ಅಷ್ಟರಲ್ಲಿ ತಿಳಿಯುತ್ತದೆ. ಆ ಡಬ್ಬಿಗೆ ಬ್ಯಾಟರಿ ಇರುವುದರಿಂದ ಕತ್ತಲಲ್ಲೂ ಅದು ಕೂಗುತ್ತದೆ. ಗಿರಾಕಿ ದೀಪದ ಬೆಳಕು ಬಿದ್ದ ಕ್ಯೂಆರ್ ಕೋಡಿಗೆ ಹಣ ಹಾಕುತ್ತಾನೆ, ಅದು ಯಾರದೆಂದು ನೋಡುವುದಿಲ್ಲ. ಹಣವೆಲ್ಲ ಒಬ್ಬನ ಖಾತೆಗೆ ಹೋಗುತ್ತಿರುತ್ತದೆ, ಇಬ್ಬರಿಗೂ ಅದು ಕೇಳಿಸುತ್ತಿರುತ್ತದೆ. ಕರೆಂಟ್ ಬಂದ ಮೇಲೆ ಲೆಕ್ಕ ಮಾಡಲೇಬೇಕು. ಹತ್ತು ವರ್ಷದ ನಂತರದ ಮೊದಲ ಮಾತು ಆ ಲೆಕ್ಕದ್ದಾಗಿರಲಿ: "ಮಿರ್ಚಿ ನಿಂದು, ಮಂಡಕ್ಕಿ ನಂದು. ಎಷ್ಟು ಪ್ಲೇಟ್ ಹೋಯಿತು?" ಕಣ್ಣೀರಿಗಿಂತ ಇದನ್ನು ನಾನು ನಂಬುತ್ತೇನೆ.

ಚಿತ್ರೀಕರಣದ ಬಗ್ಗೆ ಒಂದು ಮಾತು. ಕತ್ತಲನ್ನು ತೋರಿಸಬೇಕೆಂದು ಬೀದಿಗೆಲ್ಲ ಮಬ್ಬು ಬೆಳಕು ಹರಡಬೇಡಿ. ದೀಪ ಚೌಕಟ್ಟಿನೊಳಗೇ ಕಾಣಲಿ, ಮುಖಗಳಿಗೆ ಬೆಳಕು ಆ ದಿಕ್ಕಿನಿಂದಲೇ ಬರಲಿ, ಉಳಿದದ್ದು ಕಪ್ಪಾಗಿರಲಿ. ಮೈಸೂರಿನ ವಿ. ಕೆ. ಮೂರ್ತಿಯವರು 1959ರ 'ಕಾಗಜ್ ಕೆ ಫೂಲ್' ಚಿತ್ರಕ್ಕಾಗಿ ಕನ್ನಡಿಗಳಿಂದ ಬಿಸಿಲನ್ನು ತಿರುಗಿಸಿ, ಕತ್ತಲ ಸ್ಟುಡಿಯೋದೊಳಗೆ ಒಂದೇ ಒಂದು ಬೆಳಕಿನ ಕೋಲನ್ನು ಇಳಿಸಿದರು. ಸುತ್ತಲಿನ ಕತ್ತಲನ್ನು ಮುಟ್ಟದೆ ಬಿಟ್ಟದ್ದರಿಂದಲೇ ಆ ಬೆಳಕು ಎದ್ದು ನಿಂತಿತು. ಮುಂದೆ ಫಾಲ್ಕೆ ಪ್ರಶಸ್ತಿ ಪಡೆದ ಮೊದಲ ಛಾಯಾಗ್ರಾಹಕರೂ ಅವರೇ. ನಿಮ್ಮ ಬಳಿ ಇರುವುದು ಒಂದು ಚಾರ್ಜಿನ ದೀಪ. ಅದು ಯಾವ ಗಾಡಿಯ ಮೇಲಿದೆ ಎಂಬುದೇ ಕಥೆಯಾದ್ದರಿಂದ, ಅದೊಂದನ್ನು ನಂಬಿ.

ದೊಡ್ಡ ಜಗಳ ಬೇಕೆಂದ ಗೆಳೆಯನ ಮೇಲೆ ನನಗೆ ಸಿಟ್ಟಿಲ್ಲ. ಅವನಿಗೆ ಹಾಗೆ ಕಲಿಸಿದವರ ಮೇಲೆ ಸಿಟ್ಟಿದೆ. ಸಂಜೆಯಾದರೆ ಮನೆಮನೆಯ ಟಿ.ವಿ.ಯಲ್ಲಿ ಜನ ಸಾಲಾಗಿ ನಿಂತು ಮಾತಾಡುತ್ತಾರೆ, ಯಾರ ಕೈಯಲ್ಲೂ ಕೆಲಸವಿರುವುದಿಲ್ಲ. ಅಡುಗೆಮನೆಯ ದೃಶ್ಯದಲ್ಲೂ ಯಾರೂ ಅಡುಗೆ ಮಾಡುವುದಿಲ್ಲ. ಅದನ್ನು ನೋಡಿ ಬೆಳೆದ ಹುಡುಗರು ಬೀದಿ ವ್ಯಾಪಾರಿಯನ್ನು ಬರೆಯುವಾಗ ಅವನನ್ನು ಒಂದೋ ಅಳಿಸುತ್ತಾರೆ, ಇಲ್ಲವೇ ನಗೆಪಾತ್ರ ಮಾಡುತ್ತಾರೆ. ಅವನು ನುರಿತ ಕೆಲಸಗಾರ ಎಂಬುದು ಯಾರಿಗೂ ಕಾಣುವುದಿಲ್ಲ. ಅವನ ಹಗೆಗೂ ಒಂದು ಕಾರಣವಿದೆ, ಅದು ಜಾಗ. ಬೀದಿ ವ್ಯಾಪಾರಿಗಳ ಜೀವನೋಪಾಯ ರಕ್ಷಣೆಗೆಂದು 2014ರಲ್ಲಿ ಸಂಸತ್ತು ಕಾಯ್ದೆಯನ್ನೇ ಮಾಡಿತು. ಸಮೀಕ್ಷೆ ಮುಗಿದು ಪ್ರಮಾಣಪತ್ರ ಕೊಡುವವರೆಗೆ ವ್ಯಾಪಾರಿಗಳನ್ನು ಎಬ್ಬಿಸಬಾರದು, ಪಟ್ಟಣ ವ್ಯಾಪಾರ ಸಮಿತಿಯಲ್ಲಿ ಶೇಕಡ 40ರಷ್ಟಾದರೂ ವ್ಯಾಪಾರಿಗಳ ಪ್ರತಿನಿಧಿಗಳೇ ಇರಬೇಕು ಎಂದು ಅದು ಹೇಳುತ್ತದೆ. ಹಾಗಿದ್ದೂ ನಾಳೆ ಇದೇ ಜಾಗ ಸಿಗುವ ಭರವಸೆಯಿಲ್ಲದವನು ಪಕ್ಕದ ಗಾಡಿ ಅರ್ಧ ಅಡಿ ಸರಿದರೂ ಕೆಂಡವಾಗುತ್ತಾನೆ. ಬಸಣ್ಣ ಆ ನಾಲ್ಕಡಿ ಬಿಟ್ಟುಕೊಟ್ಟದ್ದು ಎಷ್ಟು ದೊಡ್ಡದು ಎಂದು ನೋಡುವವರಿಗೆ ತಿಳಿಯಬೇಕಾದರೆ, ನೀವು ಅದನ್ನು ಮೊದಲ ದೃಶ್ಯದಲ್ಲೇ ಕಾಣಿಸಬೇಕು. ಬೆಳಿಗ್ಗೆ ನೆಲದ ಮೇಲೆ ಸುಣ್ಣದ ಗೆರೆ ಎಳೆಯುವ ಕೈ ಸಾಕು. ಪೊಲೀಸ್ ಪಾತ್ರ ಬೇಡ.

ನಿಮ್ಮ ಕಥೆಯಲ್ಲಿ ಒಂದು ಸಾಲು ನನಗೆ ಬಹಳ ಇಷ್ಟವಾಯಿತು. ಗಿರಾಕಿ ಇಲ್ಲದ ಹೊತ್ತಿನಲ್ಲಿ ಬಸಣ್ಣ ಮಂಡಕ್ಕಿ ಚೀಲದ ಬಾಯನ್ನು ಮತ್ತೆ ಮತ್ತೆ ಕಟ್ಟುತ್ತಾನೆ ಎಂದು ಬರೆದಿದ್ದೀರಿ. ಇದನ್ನು ಕಣ್ಣಾರೆ ಕಂಡವರು ಮಾತ್ರ ಬರೆಯಬಲ್ಲರು. ಅಂಥ ಕಣ್ಣಿರುವವರು ಮೇಣದಬತ್ತಿಯ ಮುಂದೆ ಪಾತ್ರಗಳನ್ನು ಅಳಿಸಲು ಕೂರಿಸಿದ್ದು ನನಗೆ ಬೇಸರ ತಂದಿತು. ಚಿತ್ರಕಥೆಯ ಒಂದು ಪುಟಕ್ಕೆ ಸುಮಾರು ಒಂದು ನಿಮಿಷ ಎಂದು ಲೆಕ್ಕ ಹಿಡಿದರೆ ನಿಮ್ಮದು ಹನ್ನೆರಡು ನಿಮಿಷ. ಈ ಕಥೆಗೆ ಎಂಟು ಸಾಕು. ಏಳು ಗಂಟೆಯಿಂದ ಗಾಡಿ ಎತ್ತುವವರೆಗೆ ಒಂದು ಸಂಜೆ ಅಲ್ಲೇ ನಿಂತು ನೋಡಿ. ವೈರ್ ಎಲ್ಲಿಂದ ಬರುತ್ತದೆ, ದೀಪ ಎಲ್ಲಿಡುತ್ತಾರೆ, ಚಿಲ್ಲರೆ ಯಾವ ಡಬ್ಬಿಯಲ್ಲಿರುತ್ತದೆ, ಉಳಿದ ಹಿಟ್ಟನ್ನು ಏನು ಮಾಡುತ್ತಾರೆ ಎಂದು ಗುರುತು ಹಾಕಿಕೊಳ್ಳಿ. ನೋಡುವುದಷ್ಟೇ ಮಾಡಬೇಡಿ, ಅಲ್ಲೇ ತಿನ್ನಿ, ದುಡ್ಡು ಕೊಡಿ. ಆಮೇಲೆ ತಿದ್ದಿದ ಪ್ರತಿಯನ್ನು ನಮಗೆ ಕಳುಹಿಸಿ, ಮುಂದಿನ ಸಂಚಿಕೆಯಲ್ಲಿ ಅದಕ್ಕೆ ಜಾಗ ಇಟ್ಟಿದ್ದೇನೆ.

— ಸಂಪಾದಕ