ಪ್ರೊಫೆಸರ್‌ಗೆ ಎಲ್‌ಒಆರ್ ಕೇಳೋ ಮೇಲ್‌ನಲ್ಲಿ ಏನೇನಿರ್ಬೇಕು

ಪ್ರಶ್ನೆ: ಇಂಜಿನಿಯರಿಂಗ್ ಮುಗಿಸಿ ಎರಡು ವರ್ಷ ಆಯ್ತು, ಈಗ ಅಮೆರಿಕದಲ್ಲಿ ಎಂಎಸ್‌ಗೆ ಅಪ್ಲೈ ಮಾಡ್ತಿದೀನಿ. ನನ್ನ ಪ್ರಾಜೆಕ್ಟ್ ಗೈಡ್‌ಗೆ ರೆಕಮೆಂಡೇಶನ್ ಲೆಟರ್ ಕೇಳ್ಬೇಕು. ಅವ್ರಿಗೆ ಸುಲಭ ಆಗೋ ಹಾಗೆ ಹೇಗೆ ಕೇಳೋದು, ಜೊತೆಗೆ ಏನೇನು ಕಳಿಸ್ಬೇಕು?

ನಾನು ಒಂದು ವಿಟಿಯು ಕಾಲೇಜಲ್ಲಿ ಕಂಪ್ಯೂಟರ್ ಸೈನ್ಸ್ ಪಾಠ ಮಾಡ್ತೀನಿ, ಅಕ್ಟೋಬರ್ ಬಂತು ಅಂದ್ರೆ ಇಂಥ ಮೇಲ್‌ಗಳು ಶುರುವಾಗ್ತವೆ. ಮನಸ್ಸಿಲ್ಲದೆ ಲೆಟರ್ ತಡ ಮಾಡೋ ಮೇಷ್ಟ್ರು ಕಡಿಮೆ. ತಡ ಆಗೋದು ಯಾಕೆ ಅಂದ್ರೆ, ಬರೆಯೋಣ ಅಂತ ಕೂತ್ರೆ ಕೈಯಲ್ಲಿ ವಿಷಯನೇ ಇರಲ್ಲ. ಒಂದೊಂದು ಸೆಕ್ಷನ್‌ಗೆ 60 ಜನ, ನೀವು ಹೋದ ಮೇಲೆ ಮತ್ತೆರಡು ಬ್ಯಾಚ್ ಹೋಗಿರತ್ತೆ, ಮುಖ ಹೆಸರು ಎರಡೂ ನೆನಪಿರತ್ತೆ, ಆದ್ರೆ ನೀವು ಪ್ರಾಜೆಕ್ಟಲ್ಲಿ ನಿಜವಾಗ್ಲೂ ಯಾವ ಭಾಗ ಮಾಡಿದ್ರಿ, ಎಲ್ಲಿ ಸಿಕ್ಕಾಕೊಂಡ್ರಿ, ಹೇಗೆ ಬಿಡಿಸಿಕೊಂಡ್ರಿ ಅನ್ನೋದು ಮರೆತುಹೋಗಿರತ್ತೆ. ಅದನ್ನ ನೆನಪು ಮಾಡಿಕೊಡೋ ಮೇಲ್ ಬಂದ್ರೆ ಲೆಟರ್ ಒಂದೇ ಸಂಜೆ ಮುಗಿಯತ್ತೆ.

ಮೊದಲನೇ ಮೇಲ್ ಚಿಕ್ಕದಾಗಿರ್ಲಿ, ಅದರ ಕೆಲಸ ಒಂದೇ, ಅವ್ರು ಹೂಂ ಅಥವಾ ಆಗಲ್ಲ ಅಂತ ತಕ್ಷಣ ಹೇಳೋ ಹಾಗೆ ಮಾಡೋದು. ಸಬ್ಜೆಕ್ಟ್ ಲೈನಲ್ಲೇ ಎಲ್‌ಒಆರ್ ಅಂತ, ನಿಮ್ಮ ಹೆಸರು, ಯುಎಸ್‌ಎನ್, ಮೊದಲ ಡೆಡ್‌ಲೈನ್ ಇವಿಷ್ಟು ಇರ್ಲಿ. ಯುಎಸ್‌ಎನ್ ಇದ್ರೆ ನಾವು ಹಳೇ ಐಎ ಮಾರ್ಕ್ಸು, ಪ್ರಾಜೆಕ್ಟ್ ಡೈರಿ ಹುಡುಕ್ಕೋಬೋದು. ಒಳಗಡೆ ಯಾವ ವರ್ಷದ ಬ್ಯಾಚು, ಅವ್ರ ಹತ್ರ ಯಾವ ಯಾವ ಸಬ್ಜೆಕ್ಟ್ ಓದಿದ್ರಿ, ಈಗ ಏನು ಮಾಡ್ತಿದೀರ, ಯಾವ ಕೋರ್ಸ್‌ಗೆ ಎಷ್ಟು ಯೂನಿವರ್ಸಿಟಿಗೆ ಹಾಕ್ತಿದೀರ, ಇಷ್ಟು ಸಾಕು. ಕೊನೆಗೆ "ನನ್ನ ಬಗ್ಗೆ ಒಳ್ಳೇ ಲೆಟರ್ ಬರೆಯೋವಷ್ಟು ನನ್ನ ಕೆಲಸ ಗೊತ್ತು ಅನ್ಸತ್ತಾ ಸರ್, ಇಲ್ಲ ಅಂದ್ರೆ ಪರವಾಗಿಲ್ಲ, ಬೇರೆಯವ್ರನ್ನ ಕೇಳ್ತೀನಿ" ಅನ್ನೋ ಮಾತು ದಯವಿಟ್ಟು ಸೇರಿಸಿ. ಸುಮ್ನೆ ಒಪ್ಪಿಕೊಂಡು ಸಪ್ಪೆ ಲೆಟರ್ ಬರೆದ್ರೆ ನಷ್ಟ ನಿಮಗೇ ತಾನೇ, ಆಗಲ್ಲ ಅನ್ನೋದಿದ್ರೆ ಈಗಲೇ ಗೊತ್ತಾಗೋದು ಒಳ್ಳೇದು.

ಹೂಂ ಅಂದ ಮೇಲೆ ಎರಡನೇ ಮೇಲ್, ಲೆಟರಿನ ತೂಕ ಎಲ್ಲ ಇರೋದು ಇದರಲ್ಲೇ. ರೆಸ್ಯೂಮೆ, ಮಾರ್ಕ್ಸ್ ಕಾರ್ಡು, ಎಸ್‌ಒಪಿ ಡ್ರಾಫ್ಟು ಎಲ್ಲರೂ ಕಳಿಸ್ತಾರೆ, ಕಳಿಸಿ, ಆದ್ರೆ ಅವನ್ನೆಲ್ಲ ಯೂನಿವರ್ಸಿಟಿಯವ್ರು ಹೇಗೂ ನೋಡ್ತಾರೆ. ನಾವು ಮತ್ತೆ ಅದನ್ನೇ ಬರೆದ್ರೆ ಏನು ಉಪಯೋಗ? ಅವ್ರಿಗೆ ಬೇಕಾಗಿರೋದು ನಾವು ಕಣ್ಣಾರೆ ನೋಡಿದ್ದು. ಹಾಗಾಗಿ ಒಂದು ಪುಟದಲ್ಲಿ ಎರಡು ಮೂರು ಘಟನೆ ಬರೆದು ಕಳಿಸಿ, ನಿಮ್ಮ ಗೈಡ್ ಎದುರಿಗೇ ನಡೆದದ್ದು ಮಾತ್ರ.

ಒಂದು ಉದಾಹರಣೆ ಹೇಳ್ತೀನಿ. ಒಬ್ಬ ಹುಡುಗಿ ಅಡಿಕೆ ಎಲೆ ಫೋಟೋ ನೋಡಿ ರೋಗ ಗುರುತಿಸೋ ಪ್ರಾಜೆಕ್ಟ್ ಮಾಡಿದ್ಲು ಅಂತಿಟ್ಕೊಳ್ಳಿ. "ನಾನು ಹಾರ್ಡ್‌ವರ್ಕಿಂಗ್, ಟೀಮ್ ಪ್ಲೇಯರ್, ಪ್ರಾಜೆಕ್ಟಲ್ಲಿ ಲೀಡ್ ಮಾಡಿದ್ದೆ" ಅಂತ ಕಳಿಸಿದ್ರೆ ನನಗೆ ಒಂದು ಸಾಲೂ ಹುಟ್ಟಲ್ಲ. ಅದರ ಬದಲು ಹೀಗೆ ಕಳಿಸಿದ್ರೆ ನೋಡಿ: "ಸರ್, ಎರಡನೇ ರಿವ್ಯೂನಲ್ಲಿ ನಮ್ಮ ಮಾಡೆಲ್ 97% ಆಕ್ಯುರೆಸಿ ತೋರಿಸ್ತಿತ್ತು, ನೀವು ಇದು ಜಾಸ್ತಿ ಆಯ್ತಲ್ಲ ಅಂದ್ರಿ. ಆಮೇಲೆ ನಾನು ಡೇಟಾ ಚೆಕ್ ಮಾಡ್ದಾಗ ಒಂದೇ ಮರದ ಫೋಟೋಗಳು ಟ್ರೈನಿಂಗಲ್ಲೂ ಟೆಸ್ಟಲ್ಲೂ ಸೇರಿದ್ವು. ಮರದ ಪ್ರಕಾರ ಬೇರೆ ಮಾಡಿ ಮತ್ತೆ ರನ್ ಮಾಡ್ದೆ, 81%ಗೆ ಇಳೀತು, ವೈವಾದಲ್ಲಿ ಆ ನಂಬರನ್ನೇ ಹೇಳಿದ್ವಿ. ಡೇಟಾ ಭಾಗ, ಸ್ಪ್ಲಿಟ್ ಮಾಡಿದ್ದು ನಾನು, ಆ್ಯಪ್ ಮಾಡಿದ್ದು ನನ್ನ ಪಾರ್ಟ್ನರ್." ಇದನ್ನ ಓದಿದ ಕೂಡಲೇ ಆ ರಿವ್ಯೂ ದಿನ ನನಗೆ ನೆನಪಾಗತ್ತೆ, ಅವಳು ಇಳಿದ ನಂಬರನ್ನ ಮುಚ್ಚಿಡದೆ ಹೇಳಿದ್ದು ನೆನಪಾಗತ್ತೆ, ರಿಸರ್ಚ್ ಮಾಡೋವ್ರಿಗೆ ಬೇಕಾದ ಗುಣ ಅದೇ ಅಂತ ನಾನೇ ಬರೀತೀನಿ. ಹೊಗಳಿಕೆ ಪದ ನೀವು ಕಳಿಸೋದು ಬೇಡ, ಅದು ನಮ್ಮ ಕೆಲಸ. ಯಾವುದು ನಿಮ್ಮ ಕೆಲಸ ಯಾವುದು ಪಾರ್ಟ್ನರ್‌ದು ಅನ್ನೋದು ಮಾತ್ರ ಸ್ಪಷ್ಟವಾಗಿರ್ಬೇಕು, ಗ್ರೂಪ್ ಪ್ರಾಜೆಕ್ಟಲ್ಲಿ ನಮಗೆ ತುಂಬಾ ಕಷ್ಟ ಆಗೋದು ಅಲ್ಲೇ.

ಬಹಳ ಪೋರ್ಟಲ್‌ಗಳಲ್ಲಿ ಲೆಟರ್ ಜೊತೆ ಒಂದು ಫಾರ್ಮ್ ಕೂಡ ಇರತ್ತೆ. ಎಷ್ಟು ದಿನದಿಂದ ಗೊತ್ತು, ಯಾವ ಸಂಬಂಧದಲ್ಲಿ ಗೊತ್ತು, ನೀವು ಪಾಠ ಮಾಡಿದವ್ರಲ್ಲಿ ಇವ್ರು ಟಾಪ್ 5%ಆ 10%ಆ ಅಂತೆಲ್ಲ ಕೇಳ್ತಾರೆ. ಅದಕ್ಕೆ ಅವ್ರ ಸಬ್ಜೆಕ್ಟಲ್ಲಿ ನಿಮ್ಮ ಗ್ರೇಡು, ಯಾವ ಸೆಮ್ಮು, ಪ್ರಾಜೆಕ್ಟ್ ಯಾವ ತಿಂಗಳಿಂದ ಯಾವ ತಿಂಗಳವರೆಗೆ ಅಂತ ಒಂದೇ ಕಡೆ ಬರೆದಿಡಿ.

ಇನ್ನು ಯೂನಿವರ್ಸಿಟಿ ಪಟ್ಟಿ. ಒಂದು ಎಕ್ಸೆಲ್ ಶೀಟ್ ಸಾಕು, ಯೂನಿವರ್ಸಿಟಿ ಹೆಸರು, ಕೋರ್ಸಿನ ಪೂರ್ತಿ ಹೆಸರು, ಡೆಡ್‌ಲೈನ್, ಲೆಟರ್ ಅಪ್‌ಲೋಡ್ ಮಾಡೋ ಲಿಂಕ್ ಅವ್ರಿಗೆ ಬಂದಿದೆಯಾ ಇಲ್ವಾ, ಡೆಡ್‌ಲೈನ್ ಪ್ರಕಾರ ಜೋಡಿಸಿ. ಗೊತ್ತಿರಬೇಕಾದ ವಿಷಯ ಏನಂದ್ರೆ ಕೆಲವು ಪೋರ್ಟಲಲ್ಲಿ ಪ್ರೊಫೆಸರ್ ಮೇಲ್ ಐಡಿ ಹಾಕಿ ಸೇವ್ ಮಾಡಿದ ತಕ್ಷಣ ಅವ್ರಿಗೆ ಲಿಂಕ್ ಹೋಗತ್ತೆ, ಕೆಲವರದ್ದು ನೀವು ಅಪ್ಲಿಕೇಶನ್ ಸಬ್ಮಿಟ್ ಮಾಡಿದ ಮೇಲೇ ಹೋಗತ್ತೆ. ಮೊದಲನೇ ಥರದ್ದಾದ್ರೆ ಅವ್ರು ಒಪ್ಪೋ ಮುಂಚೆ ಹೆಸರು ಹಾಕ್ಬೇಡಿ, ಎರಡನೇ ಥರದ್ದಾದ್ರೆ ಕೊನೇ ದಿನದವರೆಗೆ ಸಬ್ಮಿಟ್ ಮಾಡದೆ ಕೂತ್ರೆ ನಮಗೆ ಲಿಂಕೇ ಬರಲ್ಲ. ಲಿಂಕ್ ಎಷ್ಟೋ ಸಲ ಸ್ಪ್ಯಾಮ್‌ಗೆ ಹೋಗಿರತ್ತೆ, ಹಾಗಾಗಿ "ಇವತ್ತು ಈ ಮೂರು ಯೂನಿವರ್ಸಿಟಿಯಿಂದ ಬರತ್ತೆ ಸರ್, ಸ್ಪ್ಯಾಮಲ್ಲೂ ನೋಡಿ" ಅಂತ ಒಂದು ಮೆಸೇಜ್ ಹಾಕಿ. ಲಿಂಕ್‌ಗಳನ್ನ ಆದಷ್ಟು ಒಟ್ಟಿಗೆ ಕಳಿಸಿ, ದಿನಕ್ಕೊಂದು ಬಂದ್ರೆ ಯಾವುದು ಮುಗೀತು ಯಾವುದು ಉಳೀತು ಗೊತ್ತಾಗಲ್ಲ.

ಪ್ರೊಫೆಸರ್ ಮೇಲ್ ಐಡಿ ಕಾಲೇಜಿನದ್ದೇ ಕೊಡಿ, ಜಿಮೇಲ್ ಇದ್ರೆ ಕೆಲವರು ಒಪ್ಪಲ್ಲ. ಅವ್ರು ಕಾಲೇಜು ಬದಲಾಯಿಸಿದ್ರೆ ಯಾವ ಐಡಿ ಹಾಕ್ಲಿ ಅಂತ ಅವ್ರನ್ನೇ ಕೇಳಿ. ಮತ್ತೆ ಅಪ್ಲಿಕೇಶನಲ್ಲಿ ಲೆಟರ್ ನೋಡೋ ಹಕ್ಕು ಬಿಟ್ಟುಕೊಡ್ತೀರಾ ಅಂತ ಒಂದು ಪ್ರಶ್ನೆ ಬರತ್ತೆ, ಅಮೆರಿಕದ 1974ರ ಫೆರ್ಪಾ ಕಾನೂನಿಂದ ಬಂದಿದ್ದು ಅದು. ಹೂಂ ಬಿಟ್ಟುಕೊಡ್ತೀನಿ ಅಂತ ಹಾಕೋದೇ ರೂಢಿ, ಹಾಗಿದ್ರೆ ಓದೋವ್ರು ಲೆಟರನ್ನ ಜಾಸ್ತಿ ನಂಬ್ತಾರೆ.

ಕೆಲವು ಮೇಷ್ಟ್ರು "ನೀನೇ ಬರ್ಕೊಂಡು ಬಾ, ಸೈನ್ ಹಾಕ್ತೀನಿ" ಅಂತಾರೆ, ನಮ್ಮ ಕಡೆ ಇದು ಮಾಮೂಲು. ನನಗೆ ಇದು ಸರಿ ಅನ್ಸಲ್ಲ, ಮೂರೂ ಲೆಟರು ಒಬ್ಬನೇ ಬರೆದಿದ್ದು ಅಂತ ಓದೋವ್ರಿಗೆ ಭಾಷೆಯಲ್ಲೇ ಗೊತ್ತಾಗಿಬಿಡತ್ತೆ. ಅಂಥವ್ರಿಗೆ "ಸರ್, ಪಾಯಿಂಟ್ಸ್ ಎಲ್ಲ ರೆಡಿ ಇದೆ, ನಿಮ್ಮ ಮಾತಲ್ಲಿ ನಾಲ್ಕು ಸಾಲು ಬರೆದುಕೊಟ್ರೆ ಸಾಕು" ಅಂತ ಆ ಒಂದು ಪುಟ ಕೊಡಿ, ಮುಂದೆ ಇಟ್ರೆ ತುಂಬಾ ಜನ ಬರೀತಾರೆ. ಅವ್ರ ಹೆಸರಲ್ಲಿ ನೀವೇ ಮೇಲ್ ಐಡಿ ಮಾಡಿ ಅಪ್‌ಲೋಡ್ ಮಾಡೋದು ಮಾತ್ರ ಯಾವತ್ತೂ ಬೇಡ, ಸಿಕ್ಕಿಬಿದ್ರೆ ಅಡ್ಮಿಶನ್ ಆದ ಮೇಲೂ ಕಿತ್ತುಹಾಕ್ತಾರೆ.

ಟೈಮ್ ವಿಷಯಕ್ಕೆ ಬಂದ್ರೆ, ಬಹಳಷ್ಟು ಡೆಡ್‌ಲೈನ್ ಡಿಸೆಂಬರ್, ಜನವರಿಲಿ ಬರತ್ತೆ, ನಮಗೆ ಲ್ಯಾಬ್ ಎಕ್ಸಾಮು ವ್ಯಾಲ್ಯುಯೇಷನ್ ಇರೋದೂ ಸುಮಾರು ಅದೇ ಹೊತ್ತಿಗೆ. ಡಿಸೆಂಬರ್ 15 ಮೊದಲ ಡೆಡ್‌ಲೈನ್ ಅಂದ್ರೆ ಅಕ್ಟೋಬರ್ ಕೊನೇಲೇ ಕೇಳಿ. ಹತ್ತು ದಿನ ಇದ್ದಾಗ ಒಂದು ಸಲ, ಮೂರು ದಿನ ಇದ್ದಾಗ ಇನ್ನೊಂದು ಸಲ ನೆನಪಿಸಿ, ಅದಕ್ಕೆ ಯಾರೂ ಬೇಜಾರು ಮಾಡ್ಕೊಳ್ಳಲ್ಲ. ಆದ್ರೆ ನೆನಪಿಸೋ ಮುಂಚೆ ಪೋರ್ಟಲಲ್ಲಿ ಸ್ಟೇಟಸ್ ನೋಡಿ, ಬಾಕಿ ಇರೋ ಯೂನಿವರ್ಸಿಟಿ ಹೆಸರು ಮಾತ್ರ ಬರೀರಿ. ಮೊದಲ ಮೇಲ್‌ಗೆ ಒಂದು ವಾರ ಉತ್ತರ ಬರ್ಲಿಲ್ಲ ಅಂದ್ರೆ ಫೋನ್ ಮಾಡಿ, ಊರಲ್ಲೇ ಇದ್ರೆ ಮಧ್ಯಾಹ್ನ ಸ್ಟಾಫ್ ರೂಮಿಗೆ ಹೋಗಿ ಆ ಪುಟದ ಪ್ರಿಂಟ್ ಕೈಗೆ ಕೊಟ್ಟು ಬನ್ನಿ.